ನೀಲಿ ನೀರಿನಲ್ಲಿ ತೇಲಿದ ಹನಿ: ರಕ್ತದಾನಿಯನ್ನು ವಾಪಸ್ ಕಳಿಸುವುದು ಏಕೆ?

ರಾಯಚೂರಿನ ಹತ್ತಿರದ ಕಲ್ಮಲದಲ್ಲಿ ಒಂದು ರಕ್ತದಾನ ಶಿಬಿರ ನಡೆದಿದೆ ಎಂದುಕೊಳ್ಳಿ. ಸಾಲಿನಲ್ಲಿ ನಿಂತ ಹೆಣ್ಣುಮಗಳೊಬ್ಬಳ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ದ್ರಾವಣದೊಳಗೆ ಬಿಡುತ್ತಾರೆ. ಹನಿ ಸ್ವಲ್ಪ ಕೆಳಗಿಳಿದು, ಅಲ್ಲೇ ನಿಂತು, ಮತ್ತೆ ಮೇಲಕ್ಕೆ ಬರುತ್ತದೆ. "ಈ ಸಲ ಬೇಡಮ್ಮ" ಎಂದು ಅವಳನ್ನು ಕಳಿಸಿಬಿಡುತ್ತಾರೆ. "ಅಂದ್ರ ನನ್ನ ಮೈಯಾಗ ರಕ್ತನ ಇಲ್ಲೇನ್ರಿ?" ಎಂದು ಅವಳು ಗಾಬರಿಯಾದರೆ ಆಶ್ಚರ್ಯವಿಲ್ಲ.

ಆ ನೀಲಿ ದ್ರಾವಣ ಬೇರೇನೂ ಅಲ್ಲ, ರೈತರು ಬೋರ್ಡೊ ದ್ರಾವಣ ಮಾಡಲು ಬಳಸುವ ಮೈಲುತುತ್ತವೇ, ಅಂದರೆ ತಾಮ್ರದ ಸಲ್ಫೇಟ್. ಇಲ್ಲಿ ಅದನ್ನು ನೀರಿಗಿಂತ 1.053 ಪಟ್ಟು ಸಾಂದ್ರವಾಗಿರುವಂತೆ ಅಳೆದು ತಯಾರಿಸಿರುತ್ತಾರೆ. ರಕ್ತದ ಸಾಂದ್ರತೆ ಬಹುಮಟ್ಟಿಗೆ ಅದರಲ್ಲಿರುವ ಹಿಮೋಗ್ಲೋಬಿನ್ನನ್ನು ಅವಲಂಬಿಸಿದೆ. 100 ಮಿಲಿಲೀಟರ್ ರಕ್ತದಲ್ಲಿ 12.5 ಗ್ರಾಂ ಅಥವಾ ಹೆಚ್ಚು ಹಿಮೋಗ್ಲೋಬಿನ್ ಇದ್ದರೆ ಹನಿ ಈ ದ್ರಾವಣಕ್ಕಿಂತ ಭಾರವಾಗಿ, 15 ಸೆಕೆಂಡಿನೊಳಗೆ ತಳ ಸೇರುತ್ತದೆ. ಕಡಿಮೆ ಇದ್ದರೆ ತೇಲುತ್ತದೆ. ಹನಿ ನೀರಿನಲ್ಲಿ ಕರಗಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ತಾಮ್ರವು ರಕ್ತದ ಪ್ರೋಟೀನಿನೊಂದಿಗೆ ಕೂಡಿ ಹನಿಯ ಸುತ್ತ ತೆಳುವಾದ ಚೀಲ ಕಟ್ಟುತ್ತದೆ. ಆ ಚೀಲ ಕೆಲವು ಸೆಕೆಂಡು ರಕ್ತವನ್ನು ಹಿಡಿದಿಡುತ್ತದೆ, ನೋಡಲು ಅಷ್ಟು ಹೊತ್ತು ಸಾಕು.

ಈ ಪರೀಕ್ಷೆ ಹೇಳುವುದು ಹೌದು ಅಥವಾ ಇಲ್ಲ ಎಂದಷ್ಟೇ. ಹಿಮೋಗ್ಲೋಬಿನ್ 12.3 ಇದೆಯೋ 8 ಇದೆಯೋ ಎಂದು ಅದು ಹೇಳುವುದಿಲ್ಲ. ಇಲ್ಲಿಯೇ ಗೊಂದಲ ಹುಟ್ಟುವುದು. ಗರ್ಭಿಣಿಯಲ್ಲದ ಹೆಂಗಸಿಗೆ ರಕ್ತಹೀನತೆ ಎನ್ನುವುದು 12ಕ್ಕಿಂತ ಕಡಿಮೆ ಇದ್ದಾಗ. ರಕ್ತದಾನದ ಗೆರೆ ಮಾತ್ರ ಗಂಡಸಿಗೂ ಹೆಂಗಸಿಗೂ 12.5. ಹಾಗಾಗಿ 12.3 ಇರುವವಳು ಆರೋಗ್ಯವಂತೆ, ಆದರೂ ದಾನಿಯಲ್ಲ. ಇನ್ನೊಂದು ಕಡೆ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಹೇಳುತ್ತದೆ. ತೇಲಿದ ಹನಿಯನ್ನು ಕಂಡು ಹೆದರುವುದೂ ಬೇಡ, ಮರೆತುಬಿಡುವುದೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಂಕಿಯನ್ನು ತಿಳಿದುಕೊಳ್ಳಬೇಕು. "ಬೇಡ" ಎಂದಷ್ಟೇ ಹೇಳಿ ಕಾರಣ ಹೇಳದೆ ಕಳಿಸುವ ಶಿಬಿರ ಅರ್ಧ ಕೆಲಸವನ್ನಷ್ಟೇ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ಆ ಗೆರೆ ಏಕೆ ಬೇಕು? ಲೆಕ್ಕ ಹಾಕಿ ನೋಡೋಣ. ಒಮ್ಮೆ 350 ಮಿಲಿಲೀಟರ್ ಕೊಟ್ಟರೆ, 12.5ರ ಮಟ್ಟದಲ್ಲಿ ಸುಮಾರು 44 ಗ್ರಾಂ ಹಿಮೋಗ್ಲೋಬಿನ್ ಹೋಗುತ್ತದೆ. ಪ್ರತಿ ಗ್ರಾಮಿನಲ್ಲಿ 3.4 ಮಿಲಿಗ್ರಾಂ ಕಬ್ಬಿಣ ಇರುವುದರಿಂದ ದೇಹ ಕಳೆದುಕೊಳ್ಳುವುದು ಸುಮಾರು 150 ಮಿಲಿಗ್ರಾಂ ಕಬ್ಬಿಣ. ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕಬ್ಬಿಣಕ್ಕೆ ತಿಂಗಳುಗಳೇ ಬೇಕು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರುವುದು ಇದಕ್ಕೇ.

ಹನಿಯ ಪರೀಕ್ಷೆ ತಪ್ಪುವುದೂ ಉಂಟು. ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ, ಒಳ್ಳೆಯ ರಕ್ತವೂ ತೇಲುತ್ತದೆ. ಅದಕ್ಕೇ ಮೊದಲ ಹನಿಯನ್ನು ಒರೆಸಿಬಿಡುತ್ತಾರೆ. ಹನಿಯೊಳಗೆ ಗಾಳಿಗುಳ್ಳೆ ಸೇರಿದರೂ ಹಾಗೆಯೇ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಕಡೆ ದ್ರಾವಣವನ್ನು ತೆರೆದಿಟ್ಟರೆ ನೀರು ಆವಿಯಾಗಿ ಅದು ಗಟ್ಟಿಯಾಗುತ್ತದೆ, ಆಗಲೂ ಯೋಗ್ಯ ದಾನಿಯೇ ವಾಪಸ್ ಹೋಗುತ್ತಾನೆ. ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರ ಹನಿ ತೇಲತೊಡಗಿದರೆ ಸಂಶಯಪಡಬೇಕಾದ್ದು ದ್ರಾವಣವನ್ನು. 30 ಮಿಲಿಲೀಟರ್ ದ್ರಾವಣದಲ್ಲಿ ಸುಮಾರು 25 ಹನಿ ನೋಡಿದ ಮೇಲೆ ಅದನ್ನು ಬದಲಿಸುವುದು ವಾಡಿಕೆ. ಹಿಮೋಗ್ಲೋಬಿನ್ನಿನ ಅಂಕಿಯನ್ನೇ ತೋರಿಸುವ ಸಣ್ಣ ಯಂತ್ರಗಳೂ ಈಗ ಹಲವು ಕಡೆ ಬಂದಿವೆ.

ಹನಿ ಮುಳುಗಿತು, ರಕ್ತ ತೆಗೆದದ್ದೂ ಆಯಿತು. ಚೀಲದ ಜೊತೆಗೇ ಸಣ್ಣ ಕೊಳವೆಗಳಲ್ಲಿ ತೆಗೆದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ, ಈ ಐದರ ಪರೀಕ್ಷೆ ಕಡ್ಡಾಯ. "ರಕ್ತ ಕೊಟ್ಟರೆ ಎಚ್‌ಐವಿ ಪರೀಕ್ಷೆ ಪುಕ್ಕಟೆ ಆಗುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಈ ವಿಷಯದಲ್ಲಿ ನಿಜಕ್ಕೂ ಅಪಾಯಕಾರಿಯಾದ ನಂಬಿಕೆ ಎಂದರೆ ಇದೇ.

ಕಾರಣ ಹೀಗಿದೆ. ವೈರಸ್ ಮೈಸೇರಿದ ದಿನವೇ ಪರೀಕ್ಷೆಗೆ ಸಿಗುವುದಿಲ್ಲ. ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆಗೆ ಎಚ್‌ಐವಿ ಕಾಣಲು ಸುಮಾರು ಮೂರು ವಾರ ಬೇಕು. ವೈರಸ್ಸಿನ ಜೀನನ್ನೇ ಹುಡುಕುವ ನ್ಯಾಟ್ ಪರೀಕ್ಷೆಗೂ ಸುಮಾರು ಹತ್ತು ದಿನ ಬೇಕು, ಅದು ಎಲ್ಲ ಕಡೆ ಕಡ್ಡಾಯವೂ ಅಲ್ಲ. ಐದು ದಿನದ ಹಿಂದೆ ಸೋಂಕು ತಗುಲಿದವನು ಇಂದು ರಕ್ತ ಕೊಟ್ಟರೆ ಎಲ್ಲ ಪರೀಕ್ಷೆಯಲ್ಲೂ "ಇಲ್ಲ" ಎಂದೇ ಬರುತ್ತದೆ, ಆದರೆ ರಕ್ತದಲ್ಲಿ ವೈರಸ್ ಇರಬಹುದು. ಈ ಕುರುಡು ಅವಧಿಯಲ್ಲಿ ಕಾಯುವುದು ಅರ್ಜಿಯಲ್ಲಿನ ಮುಜುಗರದ ಪ್ರಶ್ನೆಗಳಿಗೆ ದಾನಿ ಕೊಡುವ ನಿಜವಾದ ಉತ್ತರ ಮಾತ್ರ. ಸಂಶಯ ಇದ್ದವರಿಗೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟಾಗಿ ಪರೀಕ್ಷೆ ಮಾಡುತ್ತಾರೆ. ಅಲ್ಲಿ ತಪ್ಪು ಸಮಯದಲ್ಲಿ ಪರೀಕ್ಷೆಯಾದರೆ ಮತ್ತೆ ಬರಲು ಹೇಳುತ್ತಾರೆ, ಮತ್ತೊಬ್ಬರಿಗೆ ಅಪಾಯವಿಲ್ಲ.

ಇತ್ತ ಚೀಲವನ್ನು ತಣ್ಣನೆಯ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ಬರುವಂತೆ ಅಲ್ಲ, ಕೆಸರು ನೀರು ತಿಳಿಯಾಗುವಂತೆ: ಭಾರದ ಕೆಂಪು ಕಣಗಳು ತಳಕ್ಕೆ, ಹಳದಿ ದ್ರವ ಮೇಲಕ್ಕೆ. ದಾನದ ಚೀಲಕ್ಕೆ ಮೊದಲೇ ಇನ್ನೆರಡು ಖಾಲಿ ಚೀಲ ಅಂಟಿಕೊಂಡಿರುತ್ತವೆ. ಮೇಲಿನ ದ್ರವವನ್ನು ಒತ್ತಿ ಎರಡನೆಯದಕ್ಕೆ ಸಾಗಿಸಿ, ಮತ್ತೆ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳು ತಳ ಸೇರುತ್ತವೆ. ಉಳಿದ ಪ್ಲಾಸ್ಮಾ ಮೂರನೆಯದಕ್ಕೆ ಹೋಗುತ್ತದೆ. ಹೊರಗಿನ ಗಾಳಿ ಎಲ್ಲಿಯೂ ತಾಗುವುದಿಲ್ಲ.

ಮೂರಕ್ಕೂ ಮೂರು ಬಗೆಯ ಮನೆ. ಕೆಂಪು ಕಣ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ದಿನ, ಪೋಷಕ ದ್ರಾವಣ ಸೇರಿಸಿದ್ದರೆ 42 ದಿನ ಬಾಳುತ್ತದೆ. ಪ್ಲಾಸ್ಮಾ ಮೈನಸ್ 30 ಡಿಗ್ರಿಯಲ್ಲಿ ಒಂದು ವರ್ಷ ಇರುತ್ತದೆ. ಪ್ಲೇಟ್‌ಲೆಟ್ ಮಾತ್ರ ಚಳಿ ತಡೆಯದು. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತ ಇಡಬೇಕು, ಐದೇ ದಿನ. ಆದ್ದರಿಂದ ದೇವದುರ್ಗ, ಮಾನ್ವಿಯಂಥ ದೂರದ ಊರಿನ ಶಿಬಿರದಲ್ಲಿ ತೆಗೆದ ರಕ್ತವನ್ನು ಐಸ್ ಪೆಟ್ಟಿಗೆಗೆ ಹಾಕಿದರೆ ಕೆಂಪು ಕಣಕ್ಕೆ ತೊಂದರೆ ಇಲ್ಲ, ಪ್ಲೇಟ್‌ಲೆಟ್ ಕೆಡುತ್ತದೆ. ಬಿಸಿಲಿಗೆ ಬಿಟ್ಟರಂತೂ ಯಾವುದೂ ಉಳಿಯದು. ಪ್ಲೇಟ್‌ಲೆಟ್ ಬೇಕಿದ್ದರೆ 20ರಿಂದ 24 ಡಿಗ್ರಿ ಕಾಯ್ದುಕೊಳ್ಳುವ ಪೆಟ್ಟಿಗೆಯಲ್ಲಿ ಸಾಗಿಸಿ, ಆರರಿಂದ ಎಂಟು ಗಂಟೆಯೊಳಗೆ ಬೇರ್ಪಡಿಸಬೇಕು.

ಒಬ್ಬ ದಾನಿಯ ಪ್ಲೇಟ್‌ಲೆಟ್ ಚೀಲ ದೊಡ್ಡವರಲ್ಲಿ ಎಣಿಕೆಯನ್ನು ಹೆಚ್ಚಿಸುವುದು ಸುಮಾರು 5ರಿಂದ 10 ಸಾವಿರ ಮಾತ್ರ. ಡೆಂಗಿ ರೋಗಿಯ ಮನೆಯವರಿಗೆ ನಾಲ್ಕೈದು ಚೀಲ ಹೊಂದಿಸಿ ಎನ್ನುವುದು ಇದಕ್ಕೇ.

ಪರೀಕ್ಷೆಯ ಫಲಿತಾಂಶ ಬರುವ ತನಕ ಮೂರು ಚೀಲಗಳನ್ನೂ ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಐದರಲ್ಲಿ ಒಂದು ಪರೀಕ್ಷೆ ಸಂಶಯ ತೋರಿಸಿದರೂ ಮೂರೂ ನಾಶವಾಗುತ್ತವೆ. ಆ ದಾನಿಯನ್ನು ಗುಟ್ಟಾಗಿ ಕರೆಸಿ, ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲು ಕಳಿಸುತ್ತಾರೆ. ರಕ್ತಕೇಂದ್ರದ ಮೊದಲ ಪರೀಕ್ಷೆಯನ್ನು ಏನೂ ತಪ್ಪಿಹೋಗದಂತೆ ಬಲು ಸೂಕ್ಷ್ಮವಾಗಿ ಹೊಂದಿಸಿರುತ್ತಾರೆ, ಹಾಗಾಗಿ ರೋಗವಿಲ್ಲದವರೂ ಆಗಾಗ ಅದರ ಬಲೆಗೆ ಬೀಳುತ್ತಾರೆ.