ವಿಸರ್ಗಲೋಪ ಮತ್ತು ಮಾತ್ರಾರಕ್ಷಣೆ: ‘ದುಃಖ’, ‘ಪುನಃ’ ಶಬ್ದಗಳ ಪಾಠವಿಚಾರ

ಕನ್ನಡ ಹಸ್ತಪ್ರತಿಗಳಲ್ಲಿ ಒಂದೇ ಶಬ್ದವು ಹಲವು ರೂಪಗಳಲ್ಲಿ ದೊರೆಯುವುದು ಗ್ರಂಥಸಂಪಾದಕರಿಗೆ ಹೊಸತಲ್ಲ. ‘ದುಃಖ’ ಎಂಬುದು ದುಃಖ, ದುಖ್ಖ, ದುಕ್ಕ, ದುಖ, ದುಖಃ ಎಂದೂ, ‘ಪುನಃ’ ಎಂಬುದು ಪುನಃ, ಪುನಹ, ಪುನಾ, ಪುನ ಎಂದೂ ಬರೆಯಲ್ಪಡುತ್ತದೆ. ಇವೆಲ್ಲವನ್ನೂ ಲಿಪಿಕಾರನ ಸ್ಖಾಲಿತ್ಯಗಳೆಂದು ಬಗೆದು ಕೋಶಗಳಲ್ಲಿರುವ ರೂಪಕ್ಕೆ ತಿದ್ದುವ ರೂಢಿಯುಂಟು. ಇದು ಸುಲಭವಾದ ಮಾರ್ಗವೇ ಸರಿ. ಆದರೆ ಇದರಿಂದ ಕವಿಪ್ರಯೋಗವೂ ಲಿಪಿದೋಷವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟು, ಕವಿಯ ಉಚ್ಚಾರಣೆಯನ್ನು ತಿಳಿಯುವ ಸಾಧನವೊಂದು ನಮ್ಮ ಕೈತಪ್ಪುತ್ತದೆ. ಮೇಲಿನ ರೂಪಗಳನ್ನು ಮಾತ್ರೆಗಳ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ನಿಯಮ ಗೋಚರಿಸುತ್ತದೆ: ವಿಸರ್ಗವು ಲೋಪವಾದರೂ ಅದು ಪೂರ್ವಾಕ್ಷರಕ್ಕೆ ಕೊಟ್ಟಿದ್ದ ಗುರುತ್ವವು ಸಾಮಾನ್ಯವಾಗಿ ಬೇರೊಂದು ರೂಪದಲ್ಲಿ ಉಳಿದುಕೊಳ್ಳುತ್ತದೆ. ಉಳಿಯದೆ ಹೋದಲ್ಲಿ ಮಾತ್ರ ಕಾರಣವನ್ನು ವಿಚಾರಿಸಬೇಕಾಗುತ್ತದೆ. ಈ ನಿಯಮದ ವ್ಯಾಪ್ತಿಯನ್ನು ಇಲ್ಲಿ ವಿವೇಚಿಸಲಾಗಿದೆ.

ವಿಸರ್ಗವು ಕನ್ನಡದ ಸ್ವಂತ ವರ್ಣವಲ್ಲ. ಸುಮಾರು 1260ರಲ್ಲಿ ರಚಿತವಾದ ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಕನ್ನಡದ ಶುದ್ಧಗೆಯನ್ನು 47 ಅಕ್ಷರಗಳೆಂದು ಎಣಿಸುವಾಗ ಋಕಾರಾದಿಗಳು, ಶಕಾರ ಷಕಾರಗಳು, ಜಿಹ್ವಾಮೂಲೀಯ, ಉಪಧ್ಮಾನೀಯ ಇವುಗಳೊಡನೆ ವಿಸರ್ಗವನ್ನೂ ಹೊರಗಿಟ್ಟಿದ್ದಾನೆ. ಇವುಗಳಲ್ಲಿ ಜಿಹ್ವಾಮೂಲೀಯವು ಕ, ಖಗಳ ಹಿಂದೆಯೂ ಉಪಧ್ಮಾನೀಯವು ಪ, ಫಗಳ ಹಿಂದೆಯೂ ವಿಸರ್ಗವು ತಾಳುವ ಉಚ್ಚಾರಣಾಭೇದಗಳು. ಕದಂಬರ ಮತ್ತು ಬಾದಾಮಿ ಚಾಲುಕ್ಯರ ಕಾಲದ ಸಂಸ್ಕೃತ ಶಾಸನಗಳಲ್ಲಿ ಇವುಗಳಿಗೆ ಪ್ರತ್ಯೇಕ ಚಿಹ್ನೆಗಳಿದ್ದವು. ಬರಬರುತ್ತ ಆ ಚಿಹ್ನೆಗಳು ಬಳಕೆ ತಪ್ಪಿ, ಎರಡು ಸೊನ್ನೆಗಳ ವಿಸರ್ಗಚಿಹ್ನೆಯೊಂದೇ ಎಲ್ಲೆಡೆ ನಿಂತಿತು. ಹೀಗಾಗಿ ತತ್ಸಮ ಶಬ್ದಗಳೊಡನೆ ವಿಸರ್ಗವು ಕನ್ನಡಕ್ಕೆ ಬಂದಿತಾದರೂ ಅದನ್ನು ನುಡಿಯುವ ರೀತಿ ಪರವರ್ಣವನ್ನು ಅವಲಂಬಿಸಿಯೇ ಉಳಿಯಿತು.

ಈಗ ‘ದುಃಖ’ ಶಬ್ದವನ್ನು ನೋಡೋಣ. ಸಂಸ್ಕೃತದಲ್ಲಿ ಇಕಾರ ಉಕಾರಗಳ ಮುಂದಿನ ವಿಸರ್ಗವು ಕ, ಖ, ಪ, ಫಗಳು ಪರವಾದಾಗ ಷಕಾರವಾಗುವುದು ಸಾಮಾನ್ಯ ವಿಧಿ. ನಿಷ್ಕಾಮ, ದುಷ್ಕರ, ದುಷ್ಫಲ ಮೊದಲಾದುವು ಹೀಗೆ ಸಿದ್ಧಿಸಿವೆ. ‘ದುಃಖ’ವು ಈ ವಿಧಿಗೆ ಒಳಪಡದೆ ವಿಸರ್ಗವನ್ನು ಉಳಿಸಿಕೊಂಡ ರೂಢಶಬ್ದ. ಪ್ರಾಕೃತಗಳಲ್ಲಿ ವಿಸರ್ಗವೇ ಇಲ್ಲದಿರುವುದರಿಂದ ಅಲ್ಲಿ ಇದು ‘ದುಕ್ಖ’ ಎಂದಾಯಿತು. ಕನ್ನಡದಲ್ಲಿ ಮಹಾಪ್ರಾಣವೂ ಸಡಿಲಿ ‘ದುಕ್ಕ’ ಎಂಬ ತದ್ಭವವಾಯಿತು. ಈ ಮೂರರಲ್ಲಿಯೂ ಮೊದಲನೆಯ ಅಕ್ಷರ ಗುರು, ಎರಡನೆಯದು ಲಘು. ಒಟ್ಟು ಮೂರು ಮಾತ್ರೆ. ವಿಸರ್ಗವು ಹೋದಾಗ ಅದರ ಸ್ಥಾನವನ್ನು ದ್ವಿತ್ವವು ತುಂಬಿತು. ‘ದುಖ’ ಎಂಬ ರೂಪದಲ್ಲಾದರೋ ಎರಡೇ ಮಾತ್ರೆಗಳಿವೆ. ಕಂದಪದ್ಯದ ನಾಲ್ಕು ಮಾತ್ರೆಗಳ ಗಣವೊಂದರಲ್ಲಿ ‘ದುಃಖದ’ ಎಂಬುದು ಸರಿಯಾಗಿ ಕೂರುತ್ತದೆ, ‘ದುಕ್ಕದ’ ಎಂಬುದೂ ಕೂರುತ್ತದೆ, ‘ದುಖದ’ ಎಂದರೆ ಗಣವು ಕೆಡುತ್ತದೆ. ಆದುದರಿಂದ ಪದ್ಯದಲ್ಲಿ ‘ದುಖ’ ಎಂದಿದ್ದರೆ ಅದನ್ನು ಲಿಪಿದೋಷವೆಂದು ಶಂಕಿಸಲು ಆಧಾರವುಂಟು. ‘ದುಖಃ’ ಎಂಬುದು ಬೇರೆ ಬಗೆಯ ದೋಷ: ಶಬ್ದದಲ್ಲಿ ವಿಸರ್ಗವುಂಟೆಂಬ ನೆನಪು ಬರೆಯುವವನಿಗೆ ಇದೆ, ಆದರೆ ಬಾಯಲ್ಲಿ ದ್ವಿತ್ವವಷ್ಟೇ ಕೇಳಿಬರುವುದರಿಂದ ಆ ಚಿಹ್ನೆಯ ನೆಲೆ ಆತನಿಗೆ ತಿಳಿಯದು. ಈ ಪ್ರಮಾದವು ಇಂದಿನ ಮುದ್ರಣಗಳಲ್ಲಿಯೂ ವಿರಳವಲ್ಲ.

ದುಃಖ, ದುಕ್ಕ ಎರಡೂ ಗಣಕ್ಕೆ ಹೊಂದುವಾಗ ಕವಿಯು ಬಳಸಿದ ರೂಪ ಯಾವುದೆಂದು ನಿರ್ಣಯಿಸುವುದು ಹೇಗೆ? ಇಲ್ಲಿ ನೆರವಾಗುವುದು ದ್ವಿತೀಯಾಕ್ಷರಪ್ರಾಸ. ನಮ್ಮ ಲಾಕ್ಷಣಿಕರು ಹೇಳುವ ಷಟ್ಪ್ರಾಸಗಳಲ್ಲಿ ಪ್ರಾಸಾಕ್ಷರದ ಹಿಂದೆ ಬಿಂದುವಿದ್ದರೆ ವೃಷಭಪ್ರಾಸ, ವಿಸರ್ಗವಿದ್ದರೆ ಅಜಪ್ರಾಸ, ಪ್ರಾಸಸ್ಥಾನದಲ್ಲಿ ದಡ್ಡಕ್ಕರವಿದ್ದರೆ ಹಯಪ್ರಾಸ. ಒಂದು ಕಂದದ ಮೊದಲ ಮೂರು ಪಾದಗಳು ‘ಅಕ್ಕರ’, ‘ಮಿಕ್ಕ’, ‘ಸೊಕ್ಕಿ’ ಎಂದು ತೊಡಗಿ ನಾಲ್ಕನೆಯದು ‘ದುಃಖ’ ಎಂದು ತೊಡಗಿದೆಯೆಂದು ಊಹಿಸೋಣ. ಮೂರು ಪಾದಗಳಲ್ಲಿ ಹಯ, ಒಂದರಲ್ಲಿ ಅಜ ಎಂದಾದರೆ ಪ್ರಾಸವು ಭಂಗವಾಗುತ್ತದೆ. ಅಲ್ಲಿ ಕವಿಯ ಪಾಠ ‘ದುಕ್ಕ’ ಎಂದೇ ಇದ್ದು, ಸಂಸ್ಕೃತ ಬಲ್ಲ ಲಿಪಿಕಾರನೊಬ್ಬನು ಅದನ್ನು ‘ಶುದ್ಧಗೊಳಿಸಿ’ದನೆಂದು ಹೇಳಬಹುದು. ಈ ಸಾಕ್ಷ್ಯಕ್ಕೆ ಮಿತಿಯೂ ಇದೆ. ವರ್ಗಪ್ರಾಸವನ್ನು ಒಪ್ಪುವ ಕವಿಯಲ್ಲಿ ಕಕಾರ ಖಕಾರಗಳು ಪರಸ್ಪರ ಪ್ರಾಸವಾಗಬಲ್ಲವು; ಆಗ ಮೂಲವು ‘ದುಕ್ಕ’ವೋ ‘ದುಕ್ಖ’ವೋ ಎಂಬುದು ಪ್ರಾಸದಿಂದ ತಿಳಿಯದು. ಅಲ್ಲಿ ದ್ವಿತ್ವವಿತ್ತೆಂಬುದಷ್ಟೇ ಸಿದ್ಧವಾಗುತ್ತದೆ. ಪ್ರಾಸಸ್ಥಾನದಿಂದ ಹೊರಗೆ, ಪಾದಮಧ್ಯದಲ್ಲಿ ಶಬ್ದವು ಬಂದಿದ್ದರೆ ಛಂದಸ್ಸಿನಿಂದ ನಿರ್ಣಯವು ದೊರೆಯದು. ಅಂಥಲ್ಲಿ ಪ್ರಾಚೀನ ಪ್ರತಿಯ ಪಾಠವನ್ನು ಇಟ್ಟುಕೊಳ್ಳುವುದೇ ಯುಕ್ತ.

ಪ್ರಾಕೃತ ಗ್ರಂಥಗಳ ತಾಳೆಯೋಲೆಗಳಲ್ಲಿ ಇದೇ ಶಬ್ದವು ಇನ್ನೊಂದು ತೊಡಕನ್ನು ಒಡ್ಡುತ್ತದೆ. ಹಳಗನ್ನಡ ಲಿಪಿಯ ಇಂಥ ಪ್ರತಿಗಳಲ್ಲಿ ದ್ವಿತ್ವವನ್ನು ಸೂಚಿಸಲು ವ್ಯಂಜನದ ಹಿಂದೆ ಒಂದು ಸೊನ್ನೆಯನ್ನು ಬರೆಯುವ ಪದ್ಧತಿಯುಂಟು. ‘ಸವ್ವ’ ಎಂಬುದು ‘ಸಂವ’ ಎಂಬಂತೆ, ‘ದುಕ್ಖ’ ಎಂಬುದು ‘ದುಂಖ’ ಎಂಬಂತೆ ಕಾಣುತ್ತದೆ. ಸೊನ್ನೆ ಒಂದಾದರೆ ದ್ವಿತ್ವ, ಎರಡಾದರೆ ವಿಸರ್ಗ. ಸವೆದ ಗರಿಯಲ್ಲಿ ಈ ಅಂತರವು ಬಹು ಸೂಕ್ಷ್ಮವಾದುದು. ಈ ಪದ್ಧತಿಯನ್ನರಿಯದವನು ಸೊನ್ನೆಯನ್ನು ಅನುಸ್ವಾರವೆಂದು ಓದುತ್ತಾನೆ. ಸಂಸ್ಕೃತಾಭ್ಯಾಸವುಳ್ಳವನು ಇನ್ನೊಂದು ಸೊನ್ನೆ ಅಳಿಸಿಹೋಗಿದೆಯೆಂದು ಭಾವಿಸಿ ‘ದುಃಖ’ ಎಂದು ಪ್ರತಿಮಾಡುತ್ತಾನೆ. ಸಂದೇಹ ಬಂದಾಗ ಅದೇ ಲಿಪಿಕಾರನು ‘ಸವ್ವ’, ‘ಸಚ್ಚ’ ಮೊದಲಾದ ಶಬ್ದಗಳನ್ನು ಹೇಗೆ ಬರೆದಿದ್ದಾನೆಂದು ಮೊದಲು ನೋಡಬೇಕು. ಈ ಶಬ್ದಗಳಲ್ಲಿ ಅನುಸ್ವಾರಕ್ಕೂ ವಿಸರ್ಗಕ್ಕೂ ಅವಕಾಶವಿಲ್ಲವಾದುದರಿಂದ ಅಲ್ಲಿಯ ಸೊನ್ನೆಯು ದ್ವಿತ್ವಚಿಹ್ನೆಯೆಂಬುದು ಸ್ಪಷ್ಟ. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳು ಕನ್ನಡ ಲಿಪಿಯಿಂದ ನಾಗರಿಗೆ ಇಳಿದು ಬಂದುವಾದುದರಿಂದ, ಅಂಥ ಗ್ರಂಥಗಳ ಪಾಠಶೋಧನೆಯಲ್ಲಿ ಈ ಎಚ್ಚರವು ಅತ್ಯವಶ್ಯಕ.

‘ಪುನಃ’ ಶಬ್ದದ ಸ್ಥಿತಿ ಭಿನ್ನವಾದುದು. ಇದರ ಮೂಲ ‘ಪುನರ್’ ಎಂಬ ರೇಫಾಂತವಾದ ಅವ್ಯಯ. ವಿಸರ್ಗವು ಆ ರೇಫದ ಒಂದು ಅವಸ್ಥೆ ಮಾತ್ರ. ಸ್ವರವಾಗಲಿ ಘೋಷವರ್ಣವಾಗಲಿ ಪರವಾದಾಗ ರೇಫವೇ ನಿಲ್ಲುತ್ತದೆ: ಪುನರುಕ್ತಿ, ಪುನರ್ಜನ್ಮ. ಚಕಾರವು ಪರವಾದರೆ ಶಕಾರವಾಗುತ್ತದೆ: ಪುನಶ್ಚ, ಪುನಶ್ಚೇತನ. ‘ಪುನಃಶ್ಚೇತನ’ ಎಂದು ಬರೆಯುವಲ್ಲಿ ಒಂದೇ ವರ್ಣವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಪಕಾರವು ಪರವಾದರೆ ವಿಸರ್ಗವೇ ಉಳಿಯುತ್ತದೆ: ಪುನಃಪ್ರತಿಷ್ಠೆ. ರೇಫಕ್ಕೆ ರೇಫವೇ ಪರವಾದಾಗ ಮೊದಲನೆಯದು ಲೋಪವಾಗಿ ಹಿಂದಿನ ಸ್ವರವು ದೀರ್ಘವಾಗುತ್ತದೆ. ನೀರೋಗ, ನೀರಸ ಶಬ್ದಗಳನ್ನು ಸಾಧಿಸುವ ಈ ವಿಧಿಯಿಂದಲೇ ‘ಪುನಾರಚನೆ’ ಎಂಬ ರೂಪವು ಸಿದ್ಧವಾಗುತ್ತದೆ. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಪುನರ್ರಚನೆ’ಯು ಆ ವಿಧಿಯನ್ನು ಮೀರಿದರೂ ನಕಾರದ ಗುರುತ್ವವನ್ನು ಕಾಪಾಡುತ್ತದೆ, ‘ಪುನರಚನೆ’ ಎಂಬುದು ಅದನ್ನೂ ಕಳೆದುಕೊಳ್ಳುತ್ತದೆ.

ಕನ್ನಡ ವಾಕ್ಯದಲ್ಲಿ ‘ಪುನಃ’ ಬಿಡಿಶಬ್ದವಾಗಿ ನಿಂತಾಗ ಈ ಸಂಧಿಗಳಾವುವೂ ನಡೆಯುವುದಿಲ್ಲ. ‘ಪುನಃ ಅರಸನು’ ಎಂದೇ ಬರೆಯುತ್ತೇವೆ. ಪ್ರಾಯಶಃ, ವಸ್ತುತಃ, ಸ್ವತಃ ಎಂಬ ಅವ್ಯಯಗಳ ರೀತಿಯೂ ಇದೇ. ಅಂತ್ಯದ ವಿಸರ್ಗವನ್ನು ನಾವು ಹಿಂದಿನ ಸ್ವರದ ಛಾಯೆಯೊಡನೆ ಹಕಾರವಾಗಿ ನುಡಿಯುವುದರಿಂದ ‘ಪುನಹ’ ಎಂಬ ಬರಹವು ಹುಟ್ಟಿತು. ಆಡುಮಾತಿನಲ್ಲಿ ‘ಪುನಾ’ ಎಂದಾಯಿತು. ಲಘು ಗುರುಗಳ ‘ಪುನಃ’, ಮೂರು ಲಘುಗಳ ‘ಪುನಹ’, ಲಘು ಗುರುಗಳ ‘ಪುನಾ’ ಇವು ಮೂರೂ ಮೂರು ಮಾತ್ರೆಗಳವೇ. ಮಾತ್ರಾಗಣದ ಪದ್ಯದಲ್ಲಿ ಇವು ಒಂದರ ಸ್ಥಾನದಲ್ಲಿ ಇನ್ನೊಂದು ಕೂರಬಲ್ಲವಾದರೂ ಗುರುಲಘುಕ್ರಮವು ನಿಯತವಾದ ವರ್ಣವೃತ್ತಗಳಲ್ಲಿ ‘ಪುನಹ’ ಸಲ್ಲದು. ‘ಪುನ’ ಎಂಬುದಕ್ಕೆ ಎರಡೇ ಮಾತ್ರೆ. ಅದನ್ನು ಒಪ್ಪುವ ಮುನ್ನ ಗಣವನ್ನು ಎಣಿಸಿ ನೋಡಬೇಕು.

ಊಷ್ಮವರ್ಣಗಳು ಪರವಾದಾಗ ಸಂಸ್ಕೃತವೇ ವಿಕಲ್ಪವನ್ನು ಒಪ್ಪುತ್ತದೆ. ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಮೊದಲನೆಯದನ್ನು ‘ನಿಃಶಂಕಿತ’ ಎಂದೂ ‘ನಿಶ್ಶಂಕಿತ’ ಎಂದೂ ಬರೆಯಬಹುದು, ಎರಡೂ ಸಾಧುವೇ. ಪ್ರತಿಯಲ್ಲಿ ಒಂದಿದ್ದರೆ ಅದನ್ನು ಇನ್ನೊಂದಕ್ಕೆ ತಿದ್ದಲು ಕಾರಣವಿಲ್ಲ. ಎರಡನೆಯ ಅಂಗಕ್ಕೆ ಈ ವಿಕಲ್ಪವು ಅನ್ವಯಿಸದು. ಮೇಲೆ ಹೇಳಿದ ಷಕಾರವಿಧಿಯಂತೆ ‘ನಿಷ್ಕಾಂಕ್ಷಿತ’ ಎಂಬುದು ವ್ಯಾಕರಣಸಿದ್ಧ ರೂಪ. ‘ನಿಃಕಾಂಕ್ಷಿತ’ ಎಂಬುದು ಜೈನ ಗ್ರಂಥಪರಂಪರೆಯಲ್ಲಿ ಬಳಕೆಯ ಬಲದಿಂದ ನಿಂತಿದೆ. ಇನ್ನು ‘ನಿಃಸ್ಪೃಹ’ ಶಬ್ದದಲ್ಲಿ ವಿಸರ್ಗದ ಮುಂದೆ ಸಕಾರ, ಅದರ ಮುಂದೆ ಅಘೋಷವಾದ ಪಕಾರ. ಇಂಥಲ್ಲಿ ವಿಸರ್ಗವನ್ನು ಪೂರ್ತಿಯಾಗಿ ಬಿಡಬಹುದೆಂಬ ವಾರ್ತಿಕವಿರುವುದರಿಂದ ‘ನಿಸ್ಪೃಹ’ವೂ ಶುದ್ಧವೇ. ಮುಂದಿನ ಸಂಯುಕ್ತಾಕ್ಷರದಿಂದಲೇ ‘ನಿ’ ಗುರುವಾಗುವುದರಿಂದ ವಿಸರ್ಗವು ಹೋದರೂ ಮಾತ್ರೆಗೆ ನಷ್ಟವಿಲ್ಲ.

ಗುರುತ್ವವು ಉಳಿಯದೆ ಹೋದ ಉದಾಹರಣೆಯೊಂದನ್ನು ನೋಡಬಹುದು. ನಾಲ್ಕನೆಯ ಜ್ಞಾನದ ಹೆಸರು ‘ಮನಃಪರ್ಯಯ’. ಇದು ‘ಮನಪರ್ಯಯ’ ಎಂದು ಬರೆಯಲ್ಪಟ್ಟಾಗ ನಕಾರವು ಲಘುವಾಗಿ ಒಂದು ಮಾತ್ರೆ ಕಡಿಮೆಯಾಗುತ್ತದೆ. ಇದನ್ನು ಕೂಡಲೇ ದೋಷವೆನ್ನುವಂತಿಲ್ಲ. ಪ್ರಾಕೃತದಲ್ಲಿ ಈ ಶಬ್ದವು ‘ಮಣಪಜ್ಜವ’ ಎಂದಿದ್ದು ಅಲ್ಲಿ ಪಕಾರಕ್ಕೆ ದ್ವಿತ್ವವಿಲ್ಲ. ‘ಮಣ’ ಎಂಬುದೇ ಅಕಾರಾಂತವಾದ ಪ್ರಕೃತಿ. ಕನ್ನಡದಲ್ಲಿಯೂ ‘ಮನಸ್ಸು’ ಎಂಬುದರ ಜೊತೆಗೆ ‘ಮನ’ ಎಂಬ ಪ್ರಕೃತಿಯುಂಟು. ಆದುದರಿಂದ ಇಲ್ಲಿ ವಿಸರ್ಗವು ಬಿದ್ದುಹೋಗಿದೆ ಎನ್ನುವುದಕ್ಕಿಂತ ಶಬ್ದವು ಬೇರೊಂದು ಪ್ರಕೃತಿಯಿಂದ ಕಟ್ಟಲ್ಪಟ್ಟಿದೆ ಎನ್ನುವುದೇ ಸರಿ. ಪದ್ಯದಲ್ಲಿ ಯಾವುದು ಇರಬೇಕೆಂಬುದನ್ನು ಗಣವೇ ತಿಳಿಸುತ್ತದೆ. ‘ಅಂತಃಕರಣ’ಕ್ಕೆ ಈ ಸಮಾಧಾನವು ಸಲ್ಲದು. ಅಲ್ಲಿ ವಿಸರ್ಗವನ್ನು ಬಿಟ್ಟರೆ ಒಳಗಣ ಇಂದ್ರಿಯವೆಂಬ ಅರ್ಥವು ಹೋಗಿ ಕೊನೆಗಾಣಿಸುವುದೆಂಬ ಅರ್ಥವು ಬರುತ್ತದೆ.

ಇದಕ್ಕೆ ವಿಪರೀತವಾದುದು ಇಲ್ಲದ ವಿಸರ್ಗವನ್ನು ತಂದಿಡುವುದು. ಎಂಟನೆಯ ಅಂಗವಾದ ‘ಅಂತಕೃದ್ದಶ’ವು ಅನೇಕ ಕಡೆ ‘ಅಂತಃಕೃದ್ದಶ’ ಎಂದು ಬರೆಯಲ್ಪಟ್ಟಿದೆ. ಸಂಸಾರದ ಅಂತವನ್ನು ಮಾಡಿದವರು ಅಂತಕೃತ್ತುಗಳು. ಇಲ್ಲಿರುವುದು ‘ಅಂತ’ ಎಂಬ ನಾಮಪದವೇ ಹೊರತು ‘ಅಂತರ್’ ಎಂಬ ಅವ್ಯಯವಲ್ಲ. ಪ್ರಾಕೃತದ ‘ಅಂತಗಡ’ ರೂಪದಲ್ಲಿ ‘ದುಕ್ಖ’ದಲ್ಲಿರುವಂಥ ದ್ವಿತ್ವವು ಕಾಣದಿರುವುದೂ ಇದಕ್ಕೆ ಅನುಗುಣವಾಗಿದೆ. ‘ಅಂತಃಕರಣ’, ‘ಅಂತಃಪುರ’ ಶಬ್ದಗಳ ಪರಿಚಯದಿಂದ ಬರೆಯುವವನ ಕೈ ತಾನಾಗಿಯೇ ಎರಡು ಸೊನ್ನೆಗಳನ್ನು ಇಟ್ಟಿರಬೇಕು.

ಗ್ರಂಥಾರಂಭದ ‘ಶ್ರೀ ವೀತರಾಗಾಯ ನಮಃ’ ಎಂಬಂಥ ಮಂಗಳವಾಕ್ಯಗಳು ಸಂಸ್ಕೃತವೇ ಆದುದರಿಂದ ಅವು ಈ ಚರ್ಚೆಗೆ ಹೊರಗು. ಕನ್ನಡ ಪಾಠದ ಮಟ್ಟಿಗೆ, ವಿಸರ್ಗದ ವಿಷಯದಲ್ಲಿ ಸಂಪಾದಕನು ಕೋಶವನ್ನು ತೆರೆಯುವ ಮುನ್ನ ಮಾತ್ರೆಯನ್ನು ಎಣಿಸಬೇಕು, ಬಳಿಕ ಪ್ರಾಸವನ್ನು ನೋಡಬೇಕು, ಆಮೇಲೆ ಶಬ್ದದ ಪ್ರಕೃತಿಯನ್ನು ವಿಚಾರಿಸಬೇಕು. ಗುರುತ್ವವನ್ನು ಕಾಪಾಡಿಕೊಂಡಿರುವ ‘ದುಕ್ಕ’, ‘ನಿಶ್ಶಂಕಿತ’ಗಳಂಥ ರೂಪಗಳನ್ನು ಮೂಲದಲ್ಲಿಯೇ ಉಳಿಸಬೇಕು. ಗುರುತ್ವವನ್ನು ಕಳೆದುಕೊಂಡಿರುವ ‘ದುಖ’, ‘ಪುನ’ಗಳಂಥವನ್ನು ತಿದ್ದಬೇಕಾಗಿ ಬಂದರೆ ಪ್ರತಿಯ ರೂಪವನ್ನು ಅಡಿಟಿಪ್ಪಣಿಯಲ್ಲಿ ತಪ್ಪದೆ ಕೊಡಬೇಕು. ಆಗ ತಿದ್ದುಪಾಟು ತಪ್ಪಾಗಿದ್ದ ಪಕ್ಷದಲ್ಲಿಯೂ ಮುಂದಿನ ಶೋಧಕನಿಗೆ ಪ್ರತಿಯ ಪಾಠವು ದೊರೆಯುತ್ತದೆ.