ಔಷಧ ಜಾಹೀರಾತು ಮತ್ತು ವಾಕ್‌ಸ್ವಾತಂತ್ರ್ಯ: ಹಮ್‌ದರ್ದ್ ದವಾಖಾನಾ ಮೊಕದ್ದಮೆ

ಸಂಸತ್ತು 1954ರಲ್ಲಿ ಅಂಗೀಕರಿಸಿದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮವು ಮದ್ದಿನ ಮಾರಾಟವನ್ನಲ್ಲ, ಅದರ ಕುರಿತ ಪ್ರಚಾರವನ್ನು ನಿಯಂತ್ರಿಸಿತು. ಅದರ 4ನೆಯ ಕಲಮು ಸುಳ್ಳು ಹಾಗೂ ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸಿದರೆ, 3ನೆಯ ಕಲಮು ಇನ್ನೂ ಮುಂದೆ ಸಾಗಿ, ಕೆಲವು ರೋಗಗಳ ವಿಷಯದಲ್ಲಿ ಹೇಳಿಕೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನೇ ಎತ್ತದೆ ಪ್ರಚಾರವನ್ನು ತಡೆಯಿತು. ರೋಗಿಯು ವೈದ್ಯನನ್ನು ಬಿಟ್ಟು ತಾನೇ ಚಿಕಿತ್ಸೆ ಮಾಡಿಕೊಳ್ಳುವುದನ್ನು ತಪ್ಪಿಸುವುದೇ ಇದರ ಉದ್ದೇಶವಾಗಿತ್ತು. ನೋಂದಾಯಿತ ವೈದ್ಯರಿಗೆ ಗೋಪ್ಯವಾಗಿ ಕಳುಹಿಸುವ ಮಾಹಿತಿಗೆ ವಿನಾಯಿತಿಯಿದ್ದುದು ಇದನ್ನು ಸ್ಪಷ್ಟಪಡಿಸುತ್ತದೆ.

ಯುನಾನಿ ಔಷಧ ತಯಾರಕರಾದ ಹಮ್‌ದರ್ದ್ ದವಾಖಾನಾದವರು ಈ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1959ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು, ವ್ಯಾಪಾರಕ್ಕಾಗಿ ಪ್ರಕಟವಾಗುವ ಇಂತಹ ನಿಷಿದ್ಧ ಜಾಹೀರಾತು ಸಂವಿಧಾನದ 19(1)(ಎ) ವಿಧಿಯ ರಕ್ಷಣೆಗೆ ಒಳಪಡದೆಂದು ಹೇಳಿತು. ಆದರೆ ಸರ್ಕಾರಕ್ಕೂ ಮಿತಿ ವಿಧಿಸಿತು. ಯಾವ ಮಾನದಂಡವನ್ನೂ ಸೂಚಿಸದೆ ಬೇರೆ ರೋಗಗಳನ್ನು ನಿಯಮಗಳ ಮೂಲಕ ಪಟ್ಟಿಗೆ ಸೇರಿಸುವ ಅಧಿಕಾರವನ್ನೂ, ಸಾಕಷ್ಟು ನಿರ್ಬಂಧವಿಲ್ಲದ ಜಪ್ತಿಯ ಅಧಿಕಾರವನ್ನೂ ರದ್ದುಪಡಿಸಿತು.

1963ರ ತಿದ್ದುಪಡಿಯು ಈ ಕೊರತೆಯನ್ನು ತುಂಬಿತು. ರೋಗಗಳನ್ನು ಅನುಸೂಚಿಯಲ್ಲಿ ಹೆಸರಿಸಲಾಯಿತು. ಸಕಾಲಿಕ ವೈದ್ಯಕೀಯ ಚಿಕಿತ್ಸೆ ಬೇಕಾದ ಅಥವಾ ಸಾಮಾನ್ಯವಾಗಿ ಒಪ್ಪಿತ ಪರಿಹಾರವಿಲ್ಲದ ರೋಗಗಳೆಂಬ ಮಾನದಂಡವೂ ಬಂದಿತು.

ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1995ರ ಟಾಟಾ ಪ್ರೆಸ್ ತೀರ್ಪು ವಾಣಿಜ್ಯ ಜಾಹೀರಾತಿಗೂ ಸಂವಿಧಾನದ ರಕ್ಷಣೆಯುಂಟೆಂದು ಸಾರಿ, ಹಮ್‌ದರ್ದ್ ತೀರ್ಪಿನ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ಆದರೂ ವಂಚನೆಯ, ದಾರಿತಪ್ಪಿಸುವ ಜಾಹೀರಾತಿಗೆ ಆ ರಕ್ಷಣೆ ದೊರೆಯಲಿಲ್ಲ. ಹೀಗೆ ಚರ್ಚೆಯ ಕೇಂದ್ರವು ಜಾಹೀರಾತು ಮಾತೇ ಅಲ್ಲವೆಂಬಲ್ಲಿಂದ, ಆ ಮಾತು ಗ್ರಾಹಕನನ್ನು ವಂಚಿಸುತ್ತದೆಯೇ ಎಂಬಲ್ಲಿಗೆ ಸರಿಯಿತು.