ಕೇಂದ್ರಾಪಗಾಮಿ ಪಂಪಿನ ಇಂಪೆಲ್ಲರ್: ವೇಗ ತ್ರಿಕೋನ, ಶಕ್ತಿ ಸಮೀಕರಣ ಮತ್ತು ಜಾರಿಕೆಯ ಲೆಕ್ಕ

ಕೇಂದ್ರಾಪಗಾಮಿ ಪಂಪಿನ ಇಂಪೆಲ್ಲರ್ ನೀರಿಗೆ ಎಷ್ಟು ಶಕ್ತಿ ಕೊಡುತ್ತದೆ ಎಂಬುದನ್ನು ಅದರ ಒಳಗಿನ ಹರಿವನ್ನು ಬಿಡಿಸಿ ನೋಡದೆಯೇ ಹೇಳಬಹುದು. ನೀರು ಒಳಬರುವ ಮತ್ತು ಹೊರಹೋಗುವ ಎರಡು ಅಂಚುಗಳಲ್ಲಿ ಕೋನೀಯ ಸಂವೇಗ ತಿಳಿದರೆ ಸಾಕು. ಅವುಗಳ ವ್ಯತ್ಯಾಸವೇ ಟಾರ್ಕ್. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ. 1750ರ ದಶಕದಲ್ಲಿ ಲಿಯೊನಾರ್ಡ್ ಆಯ್ಲರ್ ಜಲಯಂತ್ರಗಳಿಗೆ ರೂಪಿಸಿದ ಈ ಸಂಬಂಧವನ್ನು ಪ್ರತಿ ನ್ಯೂಟನ್ ನೀರಿಗೆ ಬರೆದರೆ ಹೀಗಾಗುತ್ತದೆ:

H = (u₂·Vw₂ − u₁·Vw₁) / g

ಇಲ್ಲಿ u ಎಂಬುದು ಅಲಗಿನ ಪರಿಧಿ ವೇಗ, Vw ಎಂಬುದು ನೀರಿನ ನಿರಪೇಕ್ಷ ವೇಗದಲ್ಲಿ ಆ ದಿಕ್ಕಿಗಿರುವ ಅಂಶ, ಅಂದರೆ ಸುಳಿವೇಗ. ಅಲಗಿನ ವೇಗಕ್ಕೆ ನೀರಿನ ಸಾಪೇಕ್ಷ ವೇಗವನ್ನು ಸದಿಶವಾಗಿ ಕೂಡಿದರೆ ನಿರಪೇಕ್ಷ ವೇಗ ಸಿಗುತ್ತದೆ. ಈ ಮೂರು ಸೇರಿ ವೇಗ ತ್ರಿಕೋನ. ತ್ರಿಜ್ಯದ ದಿಕ್ಕಿನ ಅಂಶ Vf ಹರಿವಿನ ಪ್ರಮಾಣವನ್ನು ನಿರ್ಧರಿಸುತ್ತದೆ.

ಒಂದು ಇಂಪೆಲ್ಲರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹೊರವ್ಯಾಸ 250 ಮಿ.ಮೀ., ಒಳವ್ಯಾಸ 125 ಮಿ.ಮೀ., ಅಗಲ ಹೊರಗೆ 16 ಮತ್ತು ಒಳಗೆ 28 ಮಿ.ಮೀ.; ಹಿಂದಕ್ಕೆ ಬಾಗಿದ 7 ಅಲಗುಗಳು, ಹೊರತುದಿಯ ಕೋನ 30 ಡಿಗ್ರಿ. ವೇಗ ನಿಮಿಷಕ್ಕೆ 1440 ಸುತ್ತು, ಹರಿವು ಸೆಕೆಂಡಿಗೆ 30 ಲೀಟರ್.

ಒಳಅಂಚಿನಲ್ಲಿ u₁ ಸೆಕೆಂಡಿಗೆ 9.42 ಮೀಟರ್, Vf₁ 2.73 ಮೀಟರ್. ಹೀರುಕೊಳವೆಯಿಂದ ನೀರು ಸುಳಿಯಿಲ್ಲದೆ ಬರುತ್ತದೆಂದು ಹಿಡಿದರೆ Vw₁ ಸೊನ್ನೆ, ಸಮೀಕರಣದ ಎರಡನೆಯ ಪದ ಉಳಿಯುವುದಿಲ್ಲ. ಆದರೂ ಒಳತ್ರಿಕೋನಕ್ಕೆ ಕೆಲಸವಿದೆ: ಅಲಗಿನ ಒಳತುದಿಯ ಕೋನವನ್ನು ಅದೇ ಹೇಳುತ್ತದೆ. ಇಲ್ಲಿ ಅದು 16 ಡಿಗ್ರಿ. ಕವಾಟವನ್ನು ಬಿಗಿದು ಹರಿವನ್ನು 20 ಲೀಟರಿಗೆ ಇಳಿಸಿದರೆ ನೀರು ಬರುವ ಕೋನ 11 ಡಿಗ್ರಿಗೆ ಕುಗ್ಗುತ್ತದೆ. ಆಗ ನೀರು ಅಲಗಿನ ತುದಿಗೆ ಓರೆಯಾಗಿ ಬಡಿಯುತ್ತದೆ, ನಷ್ಟ ಹೆಚ್ಚುತ್ತದೆ.

ಹೊರಅಂಚಿನಲ್ಲಿ u₂ 18.85 ಮೀಟರ್, Vf₂ 2.39 ಮೀಟರ್. ನೀರು ಅಲಗಿನ ಕೋನದಲ್ಲೇ ಹೊರಬಂದರೆ Vw₂ = 18.85 − 2.39/tan 30° = 14.7 ಮೀಟರ್, ಹೆಡ್ 28.3 ಮೀಟರ್. ಅಲಗುಗಳ ದಪ್ಪವನ್ನು ಇಲ್ಲಿ ಬಿಟ್ಟಿದೆ. ಪ್ರತಿ ಅಲಗು 4 ಮಿ.ಮೀ. ದಪ್ಪವಿದ್ದರೆ ಹೊರದಾರಿ ಶೇ. 7ರಷ್ಟು ಕಿರಿದಾಗಿ ಹೆಡ್ ಸುಮಾರು 0.6 ಮೀಟರ್ ಇಳಿಯುತ್ತದೆ.

ಆದರೆ ಈ ಅಳತೆಯ ಪಂಪು 28 ಮೀಟರ್ ಎತ್ತುವುದಿಲ್ಲ. ಕೊರತೆಯ ದೊಡ್ಡ ಪಾಲಿಗೆ ಕಾರಣ ಘರ್ಷಣೆಯಲ್ಲ, ಜಾರಿಕೆ. ತಂಬಿಗೆಯನ್ನು ಥಟ್ಟನೆ ತಿರುಗಿಸಿದಾಗ ಒಳಗಿನ ನೀರು ಅದರ ಜೊತೆ ತಿರುಗದೆ ನಿಲ್ಲುವಂತೆ, ಎರಡು ಅಲಗುಗಳ ನಡುವಿನ ನೀರೂ ತನ್ನಷ್ಟಕ್ಕೆ ತಿರುಗಲು ಒಪ್ಪುವುದಿಲ್ಲ. ಅಲಗಿನ ಮೇಲೆ ನಿಂತು ನೋಡಿದರೆ ಅದು ಎದುರು ದಿಕ್ಕಿನ ಸುಳಿಯಾಗಿ ಕಾಣುತ್ತದೆ. ಹೊರಅಂಚಿನಲ್ಲಿ ಆ ಸುಳಿ ನೀರನ್ನು ಹಿಂದಕ್ಕೆ ತಳ್ಳಿ Vw₂ವನ್ನು ಕಡಿಮೆ ಮಾಡುತ್ತದೆ. ಸ್ಟೊಡೊಲಾ ಆ ಸುಳಿಯ ವ್ಯಾಸವನ್ನು ಅಲಗುಗಳ ನಡುವಿನ ಹೊರದಾರಿಯ ಅಗಲಕ್ಕೆ ಸಮವೆಂದು ಎಣಿಸಿ ಈ ಇಳಿಕೆಯನ್ನು ಅಂದಾಜಿಸಿದರು:

ΔVw = π·u₂·sin β₂ / z

z ಅಲಗುಗಳ ಸಂಖ್ಯೆ. ಈ ಇಂಪೆಲ್ಲರಿಗೆ ಇಳಿಕೆ 4.23 ಮೀಟರ್. ಸುಳಿವೇಗ 10.5 ಮೀಟರಿಗೂ ಹೆಡ್ 20.1 ಮೀಟರಿಗೂ ಬರುತ್ತವೆ. ಜಲೀಯ ದಕ್ಷತೆ ಶೇ. 85 ಎಂದರೆ ಪಂಪು ನಿಜವಾಗಿ ಕೊಡುವುದು ಸುಮಾರು 17 ಮೀಟರ್.

ಜಾರಿಕೆಯನ್ನು ನಷ್ಟಗಳ ಪಟ್ಟಿಗೆ ಸೇರಿಸುವುದು ವಿದ್ಯಾರ್ಥಿಗಳ ಲೆಕ್ಕಗಳಲ್ಲಿ ಸಾಮಾನ್ಯ, ಆದರೆ ಅದು ತಪ್ಪು. ಘರ್ಷಣೆ ಕೊಟ್ಟ ಶಕ್ತಿಯನ್ನು ಶಾಖವಾಗಿಸುತ್ತದೆ. ಜಾರಿದಾಗ ಆ ಶಕ್ತಿಯನ್ನು ಕೊಟ್ಟೇ ಇರುವುದಿಲ್ಲ. ಟಾರ್ಕಿನಲ್ಲಿ ಇದು ಸ್ಪಷ್ಟ. 10.5 ಮೀಟರ್ ಸುಳಿವೇಗಕ್ಕೆ ಟಾರ್ಕ್ 39.3 ನ್ಯೂಟನ್-ಮೀಟರ್, ನೀರಿಗೆ ಹೋಗುವ ಸಾಮರ್ಥ್ಯ 5.9 ಕಿಲೊವಾಟ್. ಜಾರಿಕೆ ನಷ್ಟವಾಗಿದ್ದರೆ ಇದೇ ಹರಿವಿಗೆ ಇಂಪೆಲ್ಲರ್ 8.3 ಕಿಲೊವಾಟ್ ಎಳೆಯಬೇಕಿತ್ತು.

ಪರೀಕ್ಷಾ ಮೇಜಿನ ಮೇಲೆ ಈ ಭೇದ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹೆಡ್ಡೂ ಸಾಮರ್ಥ್ಯವೂ ಒಟ್ಟಿಗೆ ಲೆಕ್ಕಕ್ಕಿಂತ ಕೆಳಗಿದ್ದರೆ ಜಾರಿಕೆಯ ಅಂದಾಜು, ಅಲಗಿನ ಹೊರಕೋನ ಅಥವಾ ಹೊರವ್ಯಾಸವನ್ನು ಮೊದಲು ನೋಡಬೇಕು. ಸಾಮರ್ಥ್ಯ ಲೆಕ್ಕಕ್ಕೆ ಹೊಂದಿ ಹೆಡ್ ಮಾತ್ರ ಕುಗ್ಗಿದ್ದರೆ ತಪ್ಪು ನೀರಿನ ದಾರಿಯಲ್ಲಿದೆ: ಒರಟು ಎರಕ ಅಥವಾ ಹೊಂದದ ವಾಲ್ಯೂಟ್. ಸವೆದ ವೇರ್ ರಿಂಗಿನಲ್ಲಿ ನೀರು ಹಿಂದಕ್ಕೆ ಸೋರಿದರೆ ಇಂಪೆಲ್ಲರ್ ಅದೇ ನೀರನ್ನು ಮತ್ತೆ ಎತ್ತಬೇಕು. ಹೊರಬಂದ ಹರಿವಿಗೆ ಹೋಲಿಸಿದರೆ ಸಾಮರ್ಥ್ಯ ಹೆಚ್ಚಿರುತ್ತದೆ. ಹೋಲಿಸುವ ಮುನ್ನ ಶಾಫ್ಟಿನ ಸಾಮರ್ಥ್ಯದಿಂದ ಬೇರಿಂಗ್, ಗ್ಲ್ಯಾಂಡ್ ಮತ್ತು ತಟ್ಟೆಯ ಘರ್ಷಣೆಯನ್ನು ಕಳೆಯಬೇಕು.

ವಾಲ್ಯೂಟಿಗೆ ತನ್ನದೇ ಪಾಲಿದೆ. 20.1 ಮೀಟರಿನಲ್ಲಿ ಸುಮಾರು 14.6 ಮೀಟರ್ ಇಂಪೆಲ್ಲರಿನೊಳಗೇ ಒತ್ತಡವಾಗುತ್ತದೆ, ಅದರಲ್ಲಿ 13.6 ಪರಿಧಿ ವೇಗ ಏರಿದ್ದರಿಂದ, ಉಳಿದದ್ದು ಸಾಪೇಕ್ಷ ವೇಗ ಇಳಿದದ್ದರಿಂದ. ಮಿಕ್ಕ 5.5 ಮೀಟರ್ ಚಲನಶಕ್ತಿಯಾಗಿ ಹೊರಬರುತ್ತದೆ. ಅದನ್ನು ಒತ್ತಡವಾಗಿಸುವುದು ವಾಲ್ಯೂಟಿನ ಕೆಲಸ.

ಸ್ಟೊಡೊಲಾ ಸೂತ್ರ ವಿನ್ಯಾಸದ ಹರಿವಿನ ಆಸುಪಾಸಿನಲ್ಲಿ ನಂಬಬಹುದಾದ ಅಂದಾಜು ಮಾತ್ರ. ಹರಿವು ಬಹಳ ಇಳಿದಾಗ ನೀರು ಒಳಬಾಯಿಯಿಂದ ಹೀರುಕೊಳವೆಗೆ ಮರಳಿ, ಬರುವ ನೀರಿಗೆ ತಿರುಗುವಿಕೆಯನ್ನು ಹಚ್ಚುತ್ತದೆ. ಆಗ Vw₁ ಸೊನ್ನೆ ಎಂಬ ಊಹೆಯೇ ನಿಲ್ಲುವುದಿಲ್ಲ.